ಮೂರು ಝೋನ್ ಕೊಂಡರೆ ಎಷ್ಟು ಒಂಬತ್ತು ಸಿಗುತ್ತೆ?

ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಒಂದು ಸಾಲು ಪದೇ ಪದೇ ಕಾಣುತ್ತೆ: “ನಮ್ಮ ಆ್ಯಪ್ ಎರಡು ಝೋನ್‌ಗಳಲ್ಲಿ ಓಡುತ್ತದೆ, ಆದ್ದರಿಂದ ಅದರ ಲಭ್ಯತೆ 99.99 ಶೇಕಡಾ.” ವೈವಾದಲ್ಲಿ “ಈ ಅಂಕಿ ಎಲ್ಲಿಂದ ಬಂತು?” ಅಂತ ಕೇಳಿದರೆ ಹೆಚ್ಚಿನವರು ಕ್ಲೌಡ್ ಕಂಪನಿಯ ಪುಟ ತೋರಿಸುತ್ತಾರೆ. ಆ ಪುಟದಲ್ಲಿ ಅಂಕಿ ಇರೋದು ನಿಜ. ಆದರೆ ಅದು ನಮ್ಮ ಆ್ಯಪ್‌ನ ಅಂಕಿ ಅಲ್ಲ. ನಮ್ಮ ಅಂಕಿ ಕಂಡುಹಿಡಿಯೋದು ಹೇಗೆ, ಎರಡನೇ ಮತ್ತು ಮೂರನೇ ಝೋನ್‌ಗೆ ದುಡ್ಡು ಕೊಟ್ಟಾಗ ನಿಜವಾಗಿ ಏನು ಸಿಗುತ್ತೆ ಅನ್ನೋದನ್ನು ಈ ಸಲ ನೋಡೋಣ. ಬೇಕಾಗಿರೋದು ಪಿಯುಸಿ ಮಟ್ಟದ ಸಂಭವನೀಯತೆ ಮಾತ್ರ.

ಮೊದಲು ಶೇಕಡಾವನ್ನು ನಿಮಿಷ ಮಾಡಿ

99.5 ಮತ್ತು 99.99 ಎರಡೂ ಓದೋಕೆ ಒಂದೇ ಥರ ಕಾಣುತ್ತವೆ. ಪರೀಕ್ಷೆಯಲ್ಲಿ ಇವೆರಡರಲ್ಲಿ ಯಾವುದು ಬಂದರೂ ಮನೆಯಲ್ಲಿ ಪಾಯಸ. ಆದ್ದರಿಂದ ಶೇಕಡಾ ನೋಡಬೇಡಿ, ಕೆಟ್ಟಿರುವ ಸಮಯವನ್ನು ನೋಡಿ. 30 ದಿನದ ತಿಂಗಳಲ್ಲಿ 43,200 ನಿಮಿಷಗಳಿವೆ. ಅದರಲ್ಲಿ ಎಷ್ಟು ನಿಮಿಷ ನಿಂತುಹೋಗಬಹುದು?

- 99 ಶೇಕಡಾ: 432 ನಿಮಿಷ, ಅಂದರೆ 7 ಗಂಟೆ 12 ನಿಮಿಷ
- 99.5 ಶೇಕಡಾ: 216 ನಿಮಿಷ, ಅಂದರೆ 3 ಗಂಟೆ 36 ನಿಮಿಷ
- 99.9 ಶೇಕಡಾ: 43.2 ನಿಮಿಷ
- 99.95 ಶೇಕಡಾ: 21.6 ನಿಮಿಷ
- 99.99 ಶೇಕಡಾ: 4.32 ನಿಮಿಷ

ಮೊದಲನೆಯದು ಒಂದು ಇಡೀ ಕಾಲೇಜು ದಿನ. ಕೊನೆಯದು ಕ್ಯಾಂಟೀನಿನಲ್ಲಿ ಒಂದು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು.

ಸರಣಿ: ಕಾವೇರಿ ನೀರು ಬರೋ ದಾರಿ

ಜಯನಗರದ ನಲ್ಲಿಯಲ್ಲಿ ಬರುವ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಬರುತ್ತೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿ, ಅಂದರೆ ನಾವೆಲ್ಲ ಪೇಪರಿನಲ್ಲಿ ಓದುವ ಟಿ.ಕೆ.ಹಳ್ಳಿ, ಆಮೇಲೆ ಹಾರೋಹಳ್ಳಿ, ಆಮೇಲೆ ಕನಕಪುರ ರಸ್ತೆಯ ತಾತಗುಣಿ. ಹೀಗೆ ಮೂರು ಕಡೆ ಪಂಪ್ ಮಾಡಿ ಮೇಲೆತ್ತಿದ ಮೇಲೆ ಅದು ಊರಿನ ಜಲಾಗಾರ ಸೇರುತ್ತೆ. ಮೂರರಲ್ಲಿ ಯಾವುದೇ ಒಂದು ನಿಂತರೂ ಮುಂದಕ್ಕೆ ನೀರಿಲ್ಲ.

ಇದು ಹೈಸ್ಕೂಲಿನಲ್ಲಿ ಓದಿದ ಸರಣಿ ಜೋಡಣೆ. ಲೆಕ್ಕಕ್ಕಾಗಿ ಒಂದೊಂದು ಕೇಂದ್ರದ ಲಭ್ಯತೆ 99 ಶೇಕಡಾ ಅಂತ ಇಟ್ಟುಕೊಳ್ಳೋಣ (ಇದು ಮಂಡಳಿಯ ಅಂಕಿ ಅಲ್ಲ, ನಮ್ಮ ಊಹೆ). ಎಲ್ಲವೂ ಕೆಲಸ ಮಾಡುತ್ತಿರಬೇಕು, ಆದ್ದರಿಂದ ಗುಣಿಸಬೇಕು: `0.99 × 0.99 × 0.99 = 0.9703`. ತಿಂಗಳಿಗೆ 21 ಗಂಟೆಗೂ ಹೆಚ್ಚು ನೀರಿಲ್ಲ. ಮೂರೂ ಕೊಂಡಿಗಳು ಚೆನ್ನಾಗಿಯೇ ಇದ್ದರೂ ಸರಪಳಿ ಪ್ರತಿಯೊಂದು ಕೊಂಡಿಗಿಂತಲೂ ದುರ್ಬಲ.

ವೆಬ್ ಆ್ಯಪ್ ಕೂಡ ಇದೇ ಥರದ ಪೈಪ್. ಕಾಲೇಜು ಫೆಸ್ಟ್‌ನ ನೋಂದಣಿ ಸೈಟ್ ಒಂದನ್ನು ಉದಾಹರಣೆಗೆ ತಗೊಳ್ಳೋಣ. ಅದನ್ನು ಅಮೆಜಾನ್‌ನ ಮುಂಬೈ ರೀಜನ್ `ap-south-1`ರಲ್ಲಿ ಹಾಕಿದ್ದೇವೆ ಅಂದುಕೊಳ್ಳಿ. ಮುಂದೆ ಲೋಡ್ ಬ್ಯಾಲೆನ್ಸರ್, ಅದರ ಹಿಂದೆ ಒಂದು ಸರ್ವರ್, ಅದರ ಹಿಂದೆ ಒಂದು ಡೇಟಾಬೇಸ್. ಕಂಪನಿಯ ಒಪ್ಪಂದದಲ್ಲಿ ಲೋಡ್ ಬ್ಯಾಲೆನ್ಸರ್‌ಗೆ 99.99, ಒಂಟಿ ಸರ್ವರ್‌ಗೆ 99.5, ಒಂದೇ ಝೋನ್‌ನಲ್ಲಿರುವ ಆರ್‌ಡಿಎಸ್ ಡೇಟಾಬೇಸ್‌ಗೆ 99.5 ಅಂತ ಇದೆ.

`0.9999 × 0.995 × 0.995 = 0.98993`

ತಿಂಗಳಿಗೆ ಸುಮಾರು 7 ಗಂಟೆ 15 ನಿಮಿಷ. ಲೋಡ್ ಬ್ಯಾಲೆನ್ಸರ್‌ನ 99.99 ಹಿಡಿದುಕೊಂಡು ರಿಪೋರ್ಟ್ ಬರೆದಿದ್ದರೆ 4.32 ನಿಮಿಷ ಅಂತ ಹೇಳಿಬಿಡುತ್ತಿದ್ದೆವು.

ಎರಡು ಝೋನ್: ಪುಸ್ತಕದ ಲೆಕ್ಕ

ಝೋನ್ ಅಂದರೆ ಏನು? ಒಂದು ರೀಜನ್‌ನ ಒಳಗೆ, ಒಂದಕ್ಕೊಂದು ದೂರದಲ್ಲಿರುವ, ಪ್ರತ್ಯೇಕ ವಿದ್ಯುತ್, ಪ್ರತ್ಯೇಕ ಕೂಲಿಂಗ್, ಪ್ರತ್ಯೇಕ ನೆಟ್‌ವರ್ಕ್ ಇರುವ ಡೇಟಾ ಸೆಂಟರ್ ಕಟ್ಟಡ ಅಥವಾ ಕಟ್ಟಡಗಳ ಗುಂಪು. ಒಂದಕ್ಕೆ ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಕರೆಂಟ್ ಹೋದರೆ ಇನ್ನೊಂದಕ್ಕೆ ತಟ್ಟಬಾರದು ಅನ್ನೋದು ಉದ್ದೇಶ.

ಈಗ ಸರ್ವರ್‌ಗಳನ್ನು ಎರಡು ಝೋನ್‌ಗಳಲ್ಲಿ ಇಡೋಣ. ಇದು ಸಮಾಂತರ ಜೋಡಣೆ. ಎರಡೂ ಒಟ್ಟಿಗೆ ಕೈಕೊಟ್ಟರೆ ಮಾತ್ರ ಸೈಟ್ ನಿಲ್ಲುತ್ತೆ. ಇಲ್ಲಿ ಗುಣಿಸಬೇಕಾದದ್ದು ಕೆಡುವ ಸಂಭವನೀಯತೆಯನ್ನು. ಒಂದು ಸರ್ವರ್ ಕೆಟ್ಟಿರುವ ಸಂಭವನೀಯತೆ 0.005. ಎರಡೂ ಕೆಟ್ಟಿರುವುದು `0.005 × 0.005 = 0.000025`. ಲಭ್ಯತೆ 99.9975 ಶೇಕಡಾ, ತಿಂಗಳಿಗೆ ಬರೀ 65 ಸೆಕೆಂಡ್. ಮೂರು ಝೋನ್ ಮಾಡಿದರೆ ತಿಂಗಳಿಗೆ ಒಂದು ಸೆಕೆಂಡಿನ ಮೂರನೇ ಒಂದು ಭಾಗ!

ಇಷ್ಟು ಚೆನ್ನಾಗಿರೋ ಉತ್ತರ ಬಂದಾಗ ಸ್ವಲ್ಪ ಅನುಮಾನ ಪಡಬೇಕು. ಅದೇ ಕಂಪನಿ ಎರಡು ಅಥವಾ ಹೆಚ್ಚು ಝೋನ್‌ಗಳಲ್ಲಿ ಸರ್ವರ್ ಇಟ್ಟವರಿಗೆ ಕೊಡುವ ಭರವಸೆ 99.99 ಮಾತ್ರ, 99.9975 ಅಲ್ಲ. ಮೂರು ಝೋನ್ ಇಟ್ಟರೂ ಅಷ್ಟೇ. ಪುಸ್ತಕದ ಲೆಕ್ಕದ ಪ್ರಕಾರ ತಿಂಗಳಿಗೆ ಒಂದು ನಿಮಿಷ ಕೆಡಬೇಕಾದದ್ದಕ್ಕೆ ಅವರು ನಾಲ್ಕು ಪಟ್ಟು ಜಾಗ ಇಟ್ಟುಕೊಂಡಿದ್ದಾರೆ. ಒಪ್ಪಂದದ ಅಂಕಿ ವ್ಯಾಪಾರದ ಅಂಕಿ, ಅಳತೆಯ ಅಂಕಿ ಅಲ್ಲ, ನಿಜ. ಆದರೂ ಈ ಎಚ್ಚರಿಕೆಗೆ ಒಂದು ಗಟ್ಟಿಯಾದ ಎಂಜಿನಿಯರಿಂಗ್ ಕಾರಣ ಇದೆ.

ಒಂದೇ ಕಾರಣಕ್ಕೆ ಎರಡೂ ಕೆಟ್ಟರೆ?

ಗುಣಿಸುವ ಹಕ್ಕು ನಮಗೆ ಬರೋದು ಎರಡು ಘಟನೆಗಳು ಸ್ವತಂತ್ರವಾಗಿದ್ದಾಗ ಮಾತ್ರ. ಜೆ.ಪಿ.ನಗರದ ಅಪಾರ್ಟ್‌ಮೆಂಟ್‌ನಲ್ಲಿ ಎರಡು ಲಿಫ್ಟ್ ಇವೆ ಅಂದುಕೊಳ್ಳಿ. ಒಂದರ ಬಾಗಿಲಿನ ಸೆನ್ಸರ್ ಕೆಟ್ಟರೆ ಇನ್ನೊಂದು ಕೆಲಸಕ್ಕೆ ಬರುತ್ತೆ. ಆದರೆ ಬೆಸ್ಕಾಂ ಕರೆಂಟ್ ಹೋಗಿ, ಜನರೇಟರೂ ಶುರುವಾಗದಿದ್ದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಆಗ ಮೂರನೇ ಲಿಫ್ಟ್ ಇದ್ದರೂ ಮೆಟ್ಟಿಲೇ ಗತಿ.

ನೀರಿನ ವಿಷಯದಲ್ಲಿ ಊರು ಇದನ್ನು ನೋಡಿದೆ. ಕಾವೇರಿ ಯೋಜನೆಗೆ ಹಲವು ಹಂತಗಳಿವೆ. ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ಬೇರೆ ಬೇರೆ ಹಂತ ಅಂದಾಗ ಬೇರೆ ಬೇರೆ ದಾರಿ ಅನ್ನಿಸುತ್ತೆ. ಆದರೆ ಎಲ್ಲವೂ ಟಿ.ಕೆ.ಹಳ್ಳಿಯ ಮೂಲಕವೇ ಹಾಯಬೇಕು. 2022ರ ಸೆಪ್ಟೆಂಬರ್‌ನಲ್ಲಿ ಜೋರು ಮಳೆಗೆ ಅಲ್ಲಿನ ಪಂಪ್‌ಹೌಸ್‌ಗೆ ನೀರು ನುಗ್ಗಿ ಯಂತ್ರಗಳು ಮುಳುಗಿದಾಗ ಬೆಂಗಳೂರಿನ ಹಲವು ಬಡಾವಣೆಗಳಿಗೆ ನೀರು ಪೂರೈಕೆ ಕೆಟ್ಟಿತು. ಪೈಪ್‌ಗಳ ಸಂಖ್ಯೆ ಹೆಚ್ಚಿದ್ದರಿಂದ ಆ ಪ್ರವಾಹದ ವಿರುದ್ಧ ಯಾವ ರಕ್ಷಣೆಯೂ ಸಿಗಲಿಲ್ಲ.

ಇದನ್ನು ಲೆಕ್ಕಕ್ಕೆ ತರೋಕೆ ವಿಶ್ವಾಸಾರ್ಹತೆಯ ಎಂಜಿನಿಯರಿಂಗ್‌ನಲ್ಲಿ ಬೀಟಾ ಗುಣಾಂಕ ಅಂತ ಒಂದು ಸರಳ ಮಾದರಿ ಇದೆ. ಒಟ್ಟು ವೈಫಲ್ಯಗಳಲ್ಲಿ ಎಷ್ಟು ಭಾಗ ಎಲ್ಲ ಪ್ರತಿಗಳನ್ನೂ ಒಟ್ಟಿಗೆ ಹೊಡೆಯುತ್ತೆ ಅನ್ನೋದೇ ಬೀಟಾ. ಒಂದು ಪ್ರತಿ ಕೆಟ್ಟಿರುವ ಸಂಭವನೀಯತೆ `q`, ಝೋನ್‌ಗಳ ಸಂಖ್ಯೆ `n` ಆದರೆ, ಎಲ್ಲವೂ ಕೆಟ್ಟಿರುವ ಸಂಭವನೀಯತೆ ಸರಿಸುಮಾರು:

`U = βq + ((1 − β)q)ⁿ`

ಎರಡನೇ ಪದ ಪುಸ್ತಕದ ಹಳೆಯ ಲೆಕ್ಕ. ಝೋನ್ ಹೆಚ್ಚಿದಂತೆ ಅದು ಬೇಗ ಕರಗಿಹೋಗುತ್ತೆ. ಮೊದಲ ಪದದಲ್ಲಿ ನೋಡಿ, `n` ಇಲ್ಲವೇ ಇಲ್ಲ. ಎಷ್ಟು ಝೋನ್ ಕೊಂಡರೂ ಅದು ಅಲುಗಾಡಲ್ಲ.

ಬೀಟಾ ಬರೀ 2 ಶೇಕಡಾ ಅಂತ ಹಿಡಿಯೋಣ. ಅಂದರೆ ನೂರು ನಿಮಿಷದ ವೈಫಲ್ಯದಲ್ಲಿ ಎರಡು ನಿಮಿಷ ಮಾತ್ರ ಸಮಾನ ಕಾರಣದ್ದು.

```python
def down(q, n, beta):
    u = beta*q + ((1 - beta)*q)**n
    return u * 43200      # minutes per month

print(down(0.005, 2, 0.02))   # 5.36
print(down(0.005, 3, 0.02))   # 4.33
```

ಒಂದೇ ಝೋನ್ ಇದ್ದಾಗ 216 ನಿಮಿಷ ಇತ್ತು. ಎರಡನೆಯದು ಅದನ್ನು 5.36ಕ್ಕೆ ಇಳಿಸಿತು. ಇದು ದೊಡ್ಡ ಲಾಭ, ದುಡ್ಡು ಕೊಟ್ಟಿದ್ದು ಸಾರ್ಥಕ. ಮೂರನೆಯದು 4.33ಕ್ಕೆ ಇಳಿಸಿತು, ಅಂದರೆ ಒಂದು ನಿಮಿಷದ ಉಳಿತಾಯ. ಆಮೇಲೆ ನೂರು ಝೋನ್ ಸೇರಿಸಿದರೂ 4.32ರ ಕೆಳಗೆ ಹೋಗಲ್ಲ, ಯಾಕಂದ್ರೆ ಅಷ್ಟನ್ನು ಮೊದಲ ಪದವೇ ತಿನ್ನುತ್ತಿದೆ. 2 ಶೇಕಡಾ ಅನ್ನೋದು ನಮ್ಮ ಊಹೆ. ನೀವು 5 ಅಥವಾ 10 ಹಾಕಿ ಓಡಿಸಿ ನೋಡಿ. ಅಂಕಿ ಬದಲಾಗುತ್ತೆ, ಆಕಾರ ಬದಲಾಗಲ್ಲ.

ಮೂರು ಝೋನ್ ಇದ್ದೂ ಬಿದ್ದ ದಿನ

ಸಮಾನ ಕಾರಣ ಅಂದರೆ ಬೆಂಕಿ, ಪ್ರವಾಹ ಮಾತ್ರ ಅಲ್ಲ. ಕ್ಲೌಡ್‌ನಲ್ಲಿ ಹೆಚ್ಚಾಗಿ ಅದು ಸಾಫ್ಟ್‌ವೇರ್. 2025ರ ಅಕ್ಟೋಬರ್ 20, ನಮಗೆ ನರಕ ಚತುರ್ದಶಿ. ಮಧ್ಯಾಹ್ನ 12:18ರ ಹೊತ್ತಿಗೆ (ನಮ್ಮ ಸಮಯ) ಅಮೆಜಾನ್‌ನ ಉತ್ತರ ವರ್ಜೀನಿಯಾ ರೀಜನ್‌ನಲ್ಲಿ ಡೈನಮೋಡಿಬಿ ಎಂಬ ಡೇಟಾಬೇಸ್ ಸೇವೆ ಯಾರ ಕೈಗೂ ಸಿಗದಂತಾಯಿತು. ಯಂತ್ರಗಳು ಕೆಟ್ಟಿರಲಿಲ್ಲ, ಕರೆಂಟ್ ಹೋಗಿರಲಿಲ್ಲ. `dynamodb.us-east-1.amazonaws.com` ಅನ್ನೋ ಹೆಸರಿನ ಡಿಎನ್‌ಎಸ್ ದಾಖಲೆ ಖಾಲಿಯಾಗಿತ್ತು.

ಯಾಕೆ ಖಾಲಿಯಾಯಿತು ಅನ್ನೋದು ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆ ದಾಖಲೆಗಳನ್ನು ಬರೆಯುವ ಪ್ರೋಗ್ರಾಂ ವಿಶ್ವಾಸಾರ್ಹತೆಗಾಗಿಯೇ ಮೂರು ಝೋನ್‌ಗಳಲ್ಲಿ ಮೂರು ಪ್ರತಿಗಳಾಗಿ, ಸ್ವತಂತ್ರವಾಗಿ ಓಡುತ್ತಿತ್ತು. ಅವತ್ತು ಒಂದು ಪ್ರತಿ ನಿಧಾನವಾಯಿತು. ಅದರ ಕೈಯಲ್ಲಿ ಹಳೆಯ ಯೋಜನೆ ಇತ್ತು. ಅಷ್ಟರಲ್ಲಿ ಇನ್ನೊಂದು ಪ್ರತಿ ಹೊಸ ಯೋಜನೆಯನ್ನು ಹಾಕಿ ಮುಗಿಸಿ, ಹಳೆಯದನ್ನೆಲ್ಲ ಗುಡಿಸಲು ಶುರು ಮಾಡಿತು. ಅದೇ ಗಳಿಗೆಯಲ್ಲಿ ನಿಧಾನವಾಗಿದ್ದ ಪ್ರತಿ ಹೊಸದರ ಮೇಲೆ ಹಳೆಯದನ್ನು ಬರೆದುಬಿಟ್ಟಿತು. ಗುಡಿಸುತ್ತಿದ್ದ ಪ್ರತಿ “ಇದು ಹಳೆಯದು” ಅಂತ ಅದನ್ನು ಅಳಿಸಿತು. ಓಎಸ್ ತರಗತಿಯಲ್ಲಿ ಓದುವ ರೇಸ್ ಕಂಡೀಶನ್, ಅಷ್ಟೇ. ಪ್ರತಿಗಳು ಹಲವು ಇದ್ದದ್ದರಿಂದಲೇ ಈ ರೇಸ್ ಸಾಧ್ಯವಾಯಿತು. ಒಂದೇ ಇದ್ದಿದ್ದರೆ ಓಡೋಕೆ ಎದುರಾಳಿಯೇ ಇರುತ್ತಿರಲಿಲ್ಲ.

ಡೈನಮೋಡಿಬಿ ಸರಿಹೋಗಲು ಸುಮಾರು 2 ಗಂಟೆ 50 ನಿಮಿಷ ಬೇಕಾಯಿತು. ಅದನ್ನು ನಂಬಿದ್ದ ಇತರ ಸೇವೆಗಳು ಪೂರ್ತಿ ಸುಧಾರಿಸುವಾಗ ನಮ್ಮಲ್ಲಿ ನಡುರಾತ್ರಿ ದಾಟಿ ಬೆಳಗಿನ ಜಾವ 2:50. ನಿಮಿಷ ಎಣಿಸಿ ನೋಡಿ: ತಿಂಗಳಿಗೆ 99.99ರ ಪ್ರಕಾರ ಸಿಗುವುದು ನಾಲ್ಕು ಚಿಲ್ಲರೆ ನಿಮಿಷ. 170 ನಿಮಿಷ ಅಂದರೆ ಮೂರು ವರ್ಷಕ್ಕೂ ಹೆಚ್ಚಿನ ಕೋಟಾ ಒಂದೇ ಮಧ್ಯಾಹ್ನ ಮುಗಿದಂತೆ.

ಇನ್ನೊಂದು ವಿವರ ಗಮನಿಸಿ. ಅವತ್ತು ಮೊದಲೇ ಓಡುತ್ತಿದ್ದ ಸರ್ವರ್‌ಗಳು ಬಹುಪಾಲು ಓಡುತ್ತಲೇ ಇದ್ದವು. ಆದರೆ ಗಂಟೆಗಟ್ಟಲೆ ಹೊಸ ಸರ್ವರ್ ಶುರು ಮಾಡೋದು ಕಷ್ಟವಾಗಿತ್ತು. “ಒಂದು ಝೋನ್ ಬಿದ್ದರೆ ಆಗ ಇನ್ನೊಂದರಲ್ಲಿ ಹೊಸದು ಹುಟ್ಟಿಸೋಣ” ಅನ್ನುವ ಯೋಜನೆ ಕೈಕೊಡೋದು ಇಲ್ಲೇ. ಬೇಕಾದ ಸರ್ವರ್‌ಗಳು ಕೆಡುವ ಮೊದಲೇ ಎದ್ದು ನಿಂತಿರಬೇಕು.

ಎರಡು ಝೋನ್ ಒಂದಕ್ಕಿಂತ ಕೆಟ್ಟದಾಗೋದು ಯಾವಾಗ?

ಇದು ಲೆಕ್ಕದಲ್ಲಿ ಬಹಳ ಜನ ಮರೆಯುವ ಜಾಗ. ಫೆಸ್ಟ್ ನೋಂದಣಿ ದಿನ ಎರಡೂ ಝೋನ್‌ನ ಸರ್ವರ್‌ಗಳು ತಲಾ 70 ಶೇಕಡಾ ಸಾಮರ್ಥ್ಯದಲ್ಲಿ ಓಡುತ್ತಿವೆ ಅನ್ನಿ. ಗ್ರಾಫ್ ನೋಡಿದರೆ ಆರಾಮಾಗಿದೆ. ಒಂದು ಝೋನ್ ಬಿತ್ತು. ಅದರ ಭಾರ ಪೂರ್ತಿ ಇನ್ನೊಂದರ ತಲೆಗೆ ಬಂತು: 140 ಶೇಕಡಾ. ಅದೂ ಕುಸಿಯುತ್ತೆ.

ಅಂದರೆ ಇಲ್ಲಿ ಎರಡೂ ಝೋನ್ ಇದ್ದರೆ ಮಾತ್ರ ಸೈಟ್ ನಿಲ್ಲುತ್ತೆ. ಚಿತ್ರದಲ್ಲಿ ಸಮಾಂತರ, ನಿಜದಲ್ಲಿ ಸರಣಿ. `0.995 × 0.995 = 0.990`. ತಿಂಗಳಿಗೆ 7 ಗಂಟೆ 11 ನಿಮಿಷ. ಇಡೀ ಭಾರ ಹೊರಬಲ್ಲ ಒಂದೇ ಝೋನ್ ಇದ್ದಿದ್ದರೆ 3 ಗಂಟೆ 36 ನಿಮಿಷ ಮಾತ್ರ ಕೆಡುತ್ತಿತ್ತು. ಕೆಡಬಲ್ಲ ಜಾಗಗಳನ್ನು ನಾವೇ ದುಪ್ಪಟ್ಟು ಮಾಡಿಕೊಂಡ ಹಾಗಾಯಿತು.

ಇದನ್ನು ಗುರುತಿಸೋದು ಸುಲಭ. ಅತಿ ಹೆಚ್ಚು ಭಾರದ ಹೊತ್ತಿನಲ್ಲಿ ಪ್ರತಿ ಝೋನ್ ಎಷ್ಟು ಶೇಕಡಾ ಬಳಕೆಯಲ್ಲಿದೆ ನೋಡಿ. ಎರಡು ಝೋನ್ ಇದ್ದರೆ 50 ದಾಟಬಾರದು. ಮೂರು ಇದ್ದರೆ 66ರ ತನಕ ಹೋಗಬಹುದು, ಯಾಕಂದ್ರೆ ಬಿದ್ದದ್ದರ ಭಾರವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಬೇರೆ ಮಾತಲ್ಲಿ ಹೇಳಿದರೆ, ಎರಡು ಝೋನ್‌ಗೆ ಬೇಕಾದ್ದರ 200 ಶೇಕಡಾ ಸಾಮರ್ಥ್ಯ ಕೊಳ್ಳಬೇಕು, ಮೂರು ಝೋನ್‌ಗೆ 150 ಸಾಕು.

ಮೂರನೇ ಝೋನ್ ನಿಜವಾಗಿ ಕೊಡೋದು ಬಹುಮತ

ಮುಂಬೈ ರೀಜನ್ 2016ರಲ್ಲಿ ಶುರುವಾದಾಗ ಎರಡೇ ಝೋನ್ ಇತ್ತು. ಮೂರನೆಯದು ಬಂದದ್ದು 2019ರಲ್ಲಿ. ಸರ್ವರ್‌ಗಳಿಗೆ ಅದರಿಂದ ಒಂದು ನಿಮಿಷ ಉಳಿಯಿತು ಅಂತ ಈಗಷ್ಟೇ ನೋಡಿದೆವು. ಹಾಗಾದರೆ ಮೂರು ಝೋನ್‌ಗೆ ಎಲ್ಲರೂ ಯಾಕೆ ಅಷ್ಟು ಆಸೆಪಡುತ್ತಾರೆ?

ಉತ್ತರ ಇರೋದು ಡೇಟಾದಲ್ಲಿ. `etcd` ಥರದ ವ್ಯವಸ್ಥೆಗಳಲ್ಲಿ ಮೂರು ನೋಡ್‌ಗಳಿದ್ದು, ಯಾವುದೇ ಬರಹಕ್ಕೆ ಕನಿಷ್ಠ ಎರಡು ಒಪ್ಪಬೇಕು. ಇಲ್ಲದಿದ್ದರೆ ಸಂಪರ್ಕ ಕಡಿದಾಗ ಎರಡು ಕಡೆಯೂ “ನಾನೇ ಮುಖ್ಯ” ಅಂತ ಬೇರೆ ಬೇರೆ ಡೇಟಾ ಬರೆದುಕೊಂಡು ಕೂರುತ್ತವೆ. ಈಗ ಈ ಮೂರು ನೋಡ್‌ಗಳನ್ನು ಎರಡು ಝೋನ್‌ನಲ್ಲಿ ಇಡಬೇಕಾದರೆ ಹಂಚಿಕೆ ಎರಡು ಮತ್ತು ಒಂದು. ಒಂದು ನೋಡ್ ಇರುವ ಝೋನ್ ಬಿದ್ದರೆ ಪರವಾಗಿಲ್ಲ. ಎರಡು ಇರುವ ಝೋನ್ ಬಿದ್ದರೆ ಬಹುಮತ ಹೋಯಿತು, ಬರಹ ನಿಂತಿತು. ಅಂದರೆ ಝೋನ್ ಮಟ್ಟದ ವೈಫಲ್ಯದ ಲೆಕ್ಕದಲ್ಲಿ ಲಭ್ಯತೆ ಆ ಒಂದೇ ಝೋನ್‌ನಷ್ಟು. ಝೋನ್‌ಗೂ ಅದೇ 99.5 ಹಿಡಿದರೆ ತಿಂಗಳಿಗೆ 216 ನಿಮಿಷ. ಎರಡನೇ ಝೋನ್‌ಗೆ ಕೊಟ್ಟ ದುಡ್ಡಿಗೆ ಇಲ್ಲಿ ಸಿಕ್ಕಿದ್ದು ಸೊನ್ನೆ.

ಮೂರು ಝೋನ್‌ನಲ್ಲಿ ಒಂದೊಂದು ಇಟ್ಟರೆ ಯಾವುದೇ ಒಂದು ಬಿದ್ದರೂ ಎರಡು ಉಳಿಯುತ್ತವೆ. ಕನಿಷ್ಠ ಎರಡು ಝೋನ್ ಒಟ್ಟಿಗೆ ಕೆಟ್ಟಿರುವ ಸಂಭವನೀಯತೆ `3q² − 2q³`, ಅಂದರೆ 0.0000748. ತಿಂಗಳಿಗೆ 3.2 ನಿಮಿಷ. ಸಮಾನ ಕಾರಣದ ನಿಮಿಷಗಳನ್ನು ಇದಕ್ಕೆ ಕೂಡಿಸಬೇಕು. ಆದರೂ 216ರಿಂದ ಒಂದಂಕಿಗೆ ಇಳಿಯಿತು. ಸರ್ವರ್‌ಗೆ ದೊಡ್ಡ ಲಾಭ ಎರಡನೇ ಝೋನ್‌ನಿಂದ, ಬಹುಮತ ಬೇಕಾದ ಡೇಟಾಗೆ ಮೂರನೆಯದರಿಂದ.

ಫೆಸ್ಟ್ ಸೈಟ್‌ಗೆ ವಾಪಸ್

ಈಗ ನಮ್ಮ ಸೈಟ್ ಸರಿಪಡಿಸೋಣ. ಲೋಡ್ ಬ್ಯಾಲೆನ್ಸರ್ 99.99. ಎರಡು ಝೋನ್‌ನಲ್ಲಿ ಸರ್ವರ್‌ಗಳು, ಒಪ್ಪಂದದ 99.99. ಡೇಟಾಬೇಸನ್ನು ಎರಡು ಝೋನ್‌ಗೆ ಹಾಕಿದರೆ ಒಪ್ಪಂದ 99.95.

`0.9999 × 0.9999 × 0.9995 = 0.9993`

ತಿಂಗಳಿಗೆ ಸುಮಾರು 30 ನಿಮಿಷ. ಏಳೂಕಾಲು ಗಂಟೆಯಿಂದ ಅರ್ಧ ಗಂಟೆಗೆ ಬಂದೆವು. ಈ ಮೂವತ್ತರಲ್ಲಿ 21.6 ನಿಮಿಷ ಡೇಟಾಬೇಸ್‌ನದ್ದೇ. ಆದ್ದರಿಂದ ಸರ್ವರ್‌ಗೆ ಮೂರನೇ ಝೋನ್ ಸೇರಿಸೋ ಯೋಚನೆ ಬಿಡಿ. ಸರಣಿಯಲ್ಲಿ ಅತಿ ಕೆಟ್ಟ ಕೊಂಡಿ ಯಾವುದೋ ಅದಕ್ಕೇ ದುಡ್ಡು ಮತ್ತು ಶ್ರಮ ಹಾಕಬೇಕು. ಉದಾಹರಣೆಗೆ, ಡೇಟಾಬೇಸ್ ಕೈಗೆ ಸಿಗದಾಗ ನೋಂದಣಿಗಳನ್ನು ಒಂದು ಕ್ಯೂನಲ್ಲಿ ಹಿಡಿದಿಟ್ಟು ಆಮೇಲೆ ಬರೆದರೆ, ಆ ನಿಮಿಷಗಳಲ್ಲಿ ಬಹಳಷ್ಟು ವಿದ್ಯಾರ್ಥಿಗಳ ಕಣ್ಣಿಗೆ ಬೀಳುವುದೇ ಇಲ್ಲ.

ಒಪ್ಪಂದದ ಅಕ್ಷರಗಳನ್ನೂ ಓದಿ

ಈ 30 ನಿಮಿಷವನ್ನೂ ಭವಿಷ್ಯವಾಣಿ ಅಂತ ಓದಬಾರದು. ಒಪ್ಪಂದದ ಶೇಕಡಾ ಹೇಳೋದು “ಇದಕ್ಕಿಂತ ಕೆಳಗೆ ಹೋದರೆ ಬಿಲ್‌ನಲ್ಲಿ ಇಷ್ಟು ಬಿಡುತ್ತೇವೆ” ಅಂತ ಮಾತ್ರ. ಎರಡು ಝೋನ್‌ನ ಸರ್ವರ್‌ಗಳು 99.99ರ ಕೆಳಗೆ ಇಳಿದು 99ರ ಮೇಲೆ ಉಳಿದರೆ 10 ಶೇಕಡಾ ಕ್ರೆಡಿಟ್. ಸರ್ವರ್ ಬಿಲ್ 5,000 ರೂಪಾಯಿ ಇದ್ದರೆ 500 ರೂಪಾಯಿ, ಅದೂ ನಾವು ಕೇಳಿದರೆ, ಮುಂದಿನ ಬಿಲ್‌ನಲ್ಲಿ. ನೋಂದಣಿ ಕೊನೆಯ ದಿನ ಸೈಟ್ ಬಿದ್ದು ಆದ ನಷ್ಟಕ್ಕೂ ಇದಕ್ಕೂ ಸಂಬಂಧ ಇಲ್ಲ.

“ಕೆಟ್ಟಿದೆ” ಅನ್ನೋ ಪದದ ಅರ್ಥವನ್ನೂ ಅವರೇ ಬರೆದಿರುತ್ತಾರೆ. ಎರಡು ಝೋನ್‌ನ ಒಪ್ಪಂದದಲ್ಲಿ ಎಲ್ಲ ಸರ್ವರ್‌ಗಳೂ ಒಂದೇ ಹೊತ್ತಿಗೆ ಹೊರಗಿನ ಸಂಪರ್ಕ ಕಳೆದುಕೊಂಡರೆ ಮಾತ್ರ ಕೆಟ್ಟ ಲೆಕ್ಕ. ಒಂದು ಝೋನ್ ಬಿದ್ದು, ಇನ್ನೊಂದು ಭಾರ ತಾಳದೆ ಅರ್ಧ ಜನರಿಗೆ ಎರರ್ ಕೊಡುತ್ತಿದ್ದರೆ ಕಾಗದದ ಮೇಲೆ ಅದು 100 ಶೇಕಡಾ. ಹಾಗೆಯೇ ನಾವೇ ಬಗ್ ಇರುವ ಕೋಡನ್ನು ಎರಡೂ ಝೋನ್‌ಗೆ ಒಟ್ಟಿಗೆ ಹಾಕಿದರೆ, ಅಥವಾ ಯಾರೋ ಟೇಬಲ್ ಅಳಿಸಿ ಆ ಅಳಿಸುವಿಕೆಯೂ ಎರಡನೇ ಪ್ರತಿಗೆ ನಿಷ್ಠೆಯಿಂದ ನಕಲಾದರೆ, ಅದು ಯಾವ ಒಪ್ಪಂದಕ್ಕೂ ಸೇರಲ್ಲ. ನಮ್ಮ ಬೀಟಾದ ದೊಡ್ಡ ಪಾಲು ಇಂಥವೇ. ಇದಕ್ಕೆ ಮದ್ದು ಇನ್ನೊಂದು ಝೋನ್ ಅಲ್ಲ: ಹೊಸ ಕೋಡನ್ನು ಒಂದು ಝೋನ್‌ಗೆ ಹಾಕಿ ಸ್ವಲ್ಪ ಹೊತ್ತು ನೋಡಿ ಆಮೇಲೆ ಇನ್ನೊಂದಕ್ಕೆ ಹಾಕೋದು, ಮತ್ತು ಬ್ಯಾಕಪ್ ಪ್ರತ್ಯೇಕವಾಗಿ ಇಡೋದು.

ಆದ್ದರಿಂದ ರಿಪೋರ್ಟ್‌ನಲ್ಲಿ ಎರಡು ಅಂಕಿ ಬರೆಯಿರಿ. ಒಂದು, ಒಪ್ಪಂದಗಳನ್ನು ಗುಣಿಸಿ ಬಂದದ್ದು. ಇನ್ನೊಂದು, ನಿಮ್ಮದೇ ಲಾಗ್‌ನಿಂದ ಎಣಿಸಿದ್ದು: ಸರಿಯಾಗಿ ಉತ್ತರ ಸಿಕ್ಕ ವಿನಂತಿಗಳು ಭಾಗಿಸು ಒಟ್ಟು ವಿನಂತಿಗಳು. ಎರಡನೆಯದು ಮೊದಲನೆಯದಕ್ಕಿಂತ ತೀರಾ ಕೆಳಗಿದ್ದರೆ, ನೀವು ಝೋನ್ ಅಂತ ಬರೆದ ಎರಡು ಡಬ್ಬಿಗಳ ಕೆಳಗೆ ಹಾದುಹೋಗುವ ಟಿ.ಕೆ.ಹಳ್ಳಿ ಯಾವುದು ಅಂತ ಹುಡುಕಿ. ಒಂದೇ ಡೇಟಾಬೇಸ್, ಒಂದೇ ಡಿಎನ್‌ಎಸ್, ಒಂದೇ ಲಾಗಿನ್ ಸೇವೆ, ಒಂದೇ ಡಿಪ್ಲಾಯ್ ಸ್ಕ್ರಿಪ್ಟ್, ಇವುಗಳಲ್ಲಿ ಯಾವುದೋ ಒಂದು ಅಲ್ಲಿ ಕೂತಿರುತ್ತೆ.